ವೈಫೈ ವೇಗ 22ಕ್ಕೇ ನಿಂತಿದೆ, ಹೊಸ ರೂಟರ್ ಬೇಕೇ?

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿದರೆ 94 ಬರುತ್ತದೆ. ಅದೇ ಲ್ಯಾಪ್‌ಟಾಪನ್ನು ರೂಟರ್ ಪಕ್ಕದಲ್ಲಿಟ್ಟು ವೈಫೈನಲ್ಲಿ ನೋಡಿದರೆ 22 ದಾಟುವುದಿಲ್ಲ, ಫೋನಿನಲ್ಲೂ ಅಷ್ಟೇ. ರೂಟರ್ ಬದಲಿಸಿ ಎನ್ನುತ್ತಾರೆ, ಆದರೆ ತಂದು ನಾಲ್ಕೇ ವರ್ಷವಾಯಿತು. ಪರಿಚಯದ ಹುಡುಗನೊಬ್ಬ ಒಂದು ಕಮಾಂಡ್ ಕೊಟ್ಟು ತೆಗೆದ ಪರದೆಯ ಫೋಟೊ ಜೊತೆಗಿದೆ.
– ಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ರೂಟರ್ ಬದಲಿಸಬೇಡಿ, ತೊಂದರೆ ಏನೆಂದು ನೀವು ಕಳಿಸಿದ ಫೋಟೊದಲ್ಲೇ ಇದೆ. ಆ ಹುಡುಗ ವಿಂಡೋಸ್‌ನಲ್ಲಿ ಕೊಟ್ಟದ್ದು ಈ ಕಮಾಂಡ್:

```
netsh wlan show interfaces
```

ಬಂದ ಉತ್ತರದಲ್ಲಿ `Cipher` ಎದುರು `TKIP` ಎಂದೂ `Receive rate (Mbps)` ಎದುರು `54` ಎಂದೂ ಇದೆ. ರೂಟರ್ ಪಕ್ಕದಲ್ಲೇ ಕೂತಾಗಲೂ ಸರಿಯಾಗಿ 54 ತೋರಿಸಿದರೆ ಮೊದಲು ಸೆಕ್ಯುರಿಟಿ ಸೆಟ್ಟಿಂಗನ್ನೇ ಅನುಮಾನಿಸಬೇಕು. ಸಿಗ್ನಲ್ ದುರ್ಬಲವಾಗಿದ್ದರೆ ಆ ಅಂಕಿ ಏರಿಳಿಯುತ್ತಿರುತ್ತದೆ. ಈ 54 ಗಾಳಿಯಲ್ಲಿ ಹೋಗುವ ಒಟ್ಟು ವೇಗ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಧನಗಳ ನಡುವಿನ ವ್ಯವಹಾರಕ್ಕೇ ಖರ್ಚಾಗಿ, ನಿಮ್ಮ ಕೈಗೆ ಇಪ್ಪತ್ತರ ಆಸುಪಾಸು ಉಳಿಯುತ್ತದೆ. ನಿಮಗೆ ಬರುತ್ತಿರುವ 22 ಅದೇ.

ಕಾರಣ ಹಳೆಯದು. ವೈಫೈಯ ಮೊದಲ ಬೀಗವಾದ ವೆಪ್ ಅನ್ನು ಮುರಿಯುವ ದಾರಿ 2001ರಲ್ಲೇ ಬಯಲಾಯಿತು. ಆಗ ಜನರ ಬಳಿಯಿದ್ದ ಉಪಕರಣಗಳನ್ನು ಎಸೆಯದೆ, ಬರೀ ಸಾಫ್ಟ್‌ವೇರ್ ಬದಲಿಸಿ ಕಾಪಾಡಲು ತಂದ ತಾತ್ಕಾಲಿಕ ಪರಿಹಾರವೇ ಟಿಕೆಐಪಿ. ಮುಂದೆ 2009ರಲ್ಲಿ 802.11ಎನ್ ಮಾನದಂಡ ಬಂದಾಗ, ವೆಪ್ ಅಥವಾ ಟಿಕೆಐಪಿ ಬಳಸುವ ಸಂಪರ್ಕಕ್ಕೆ ಹೊಸ ವೇಗಗಳನ್ನು ಕೊಡಲೇಬಾರದೆಂದು ನಿಯಮ ಮಾಡಿದರು. ಹಾಗಾಗಿ ರೂಟರ್ ಎಷ್ಟೇ ಹೊಸದಿರಲಿ, ಆ ಆಯ್ಕೆ ಇರುವವರೆಗೆ ಅದು ಹಳೆಯ ಕಾಲದ 54ಕ್ಕೇ ಇಳಿದು ಕೆಲಸ ಮಾಡುತ್ತದೆ. ಹಳೆಯ ರೂಟರಿನ ಸೆಟ್ಟಿಂಗನ್ನೇ ಹೊಸದಕ್ಕೆ ನಕಲು ಮಾಡಿದ ಮನೆಗಳಲ್ಲಿ ಈ ತೊಂದರೆ ಸಾಮಾನ್ಯ.

ಬ್ರೌಸರಿನಲ್ಲಿ ರೂಟರಿನ ವಿಳಾಸ ತೆರೆಯಿರಿ. ಅದು ರೂಟರಿನ ಅಡಿಯ ಚೀಟಿಯಲ್ಲಿರುತ್ತದೆ, ಹೆಚ್ಚಾಗಿ `192.168.1.1`. `Wireless` ಅಥವಾ `WLAN` ವಿಭಾಗದಲ್ಲಿ ಸೆಕ್ಯುರಿಟಿ `WPA2-PSK`, ಎನ್‌ಕ್ರಿಪ್ಶನ್ `AES` ಎಂದು ಆರಿಸಿ ಉಳಿಸಿ. 2.4 ಮತ್ತು 5 ಗಿಗಾಹರ್ಟ್ಜ್ ಎರಡಿದ್ದರೆ ಎರಡರಲ್ಲೂ ಮಾಡಿ, ಒಂದನ್ನು ಮರೆಯುವವರೇ ಹೆಚ್ಚು. `TKIP+AES` ಎಂಬ ಆಯ್ಕೆ ಎಲ್ಲರಿಗೂ ಒಗ್ಗುವಂತೆ ಕಾಣುತ್ತದೆ, ಆದರೆ ನಾನು ಬೇಡ ಎನ್ನುತ್ತೇನೆ. ಅದರಲ್ಲಿ ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳಿಸುವ ಮಾಹಿತಿ ಟಿಕೆಐಪಿಯಲ್ಲೇ ಹೋಗುತ್ತದೆ. ಕೆಲವು ರೂಟರ್‌ಗಳಂತೂ ಎಲ್ಲರ ವೇಗವನ್ನೂ ಇಳಿಸಿಬಿಡುತ್ತವೆ. ನಿಮ್ಮ ಸಾಧನಗಳೆಲ್ಲ ಈಚಿನವಾದರೆ `WPA2/WPA3` ಮಿಶ್ರ ಆಯ್ಕೆಯನ್ನೂ ಪ್ರಯತ್ನಿಸಬಹುದು, ಅಲ್ಲಿ ಟಿಕೆಐಪಿಯ ತಂಟೆಯಿಲ್ಲ.

ಹೆಸರು, ಪಾಸ್‌ವರ್ಡ್ ಅದೇ ಇದ್ದರೂ ಲ್ಯಾಪ್‌ಟಾಪ್ ಹಟ ಹಿಡಿಯಬಹುದು. ಆಗ ಆ ನೆಟ್‌ವರ್ಕನ್ನು `Forget` ಮಾಡಿ ಮತ್ತೆ ಸೇರಿಸಿ. ಕಮಾಂಡನ್ನು ಇನ್ನೊಮ್ಮೆ ಕೊಟ್ಟಾಗ `Cipher` ಎದುರು `CCMP` ಬರಬೇಕು. ಅದು ಎಇಎಸ್ ಬಳಸುವ ವಿಧಾನದ ಹೆಸರು. `CCMP` ಬಂದೂ ವೇಗ 54 ಬಿಟ್ಟು ಕದಲದಿದ್ದರೆ `WMM` ಎಂಬ ಆಯ್ಕೆಯನ್ನು ನೋಡಿ. ಅದು ಆಫ್ ಆಗಿದ್ದರೂ ಹೊಸ ವೇಗಗಳು ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಎಇಎಸ್ ಹಾಕಿದ ಕೂಡಲೇ ಹಳೆಯ ವೈಫೈ ಪ್ರಿಂಟರ್ ನಿಂತುಹೋಯಿತು. ಮತ್ತೆ ವೆಪ್‌ಗೆ ತಂದು, ನೆಟ್‌ವರ್ಕಿನ ಹೆಸರು ಕಾಣದಂತೆ ಮಾಡಿದ್ದೇನೆ. ಸಾಕಲ್ಲವೇ?
– ಅಂಗಡಿ ಮಾಲೀಕರು, ಗದಗ

ಉತ್ತರ: ಸಾಲದು. ಗ್ರಾಹಕರ ಆಧಾರ್, ಬ್ಯಾಂಕ್ ಕಾಗದಗಳು ಹಾದುಹೋಗುವ ಜಾಲ ನಿಮ್ಮದು. ವೆಪ್ ಕೀಲಿಯನ್ನು ಒಂದು ನಿಮಿಷದೊಳಗೆ ಪತ್ತೆ ಮಾಡಬಹುದೆಂದು ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು 2007ರಲ್ಲೇ ತೋರಿಸಿದ್ದಾರೆ. ಹೆಸರು ಅಡಗಿಸಿದರೂ ಪ್ರಯೋಜನವಿಲ್ಲ, ಸಂಪರ್ಕಕ್ಕೆ ಬರುವ ಪ್ರತಿ ಸಾಧನವೂ ಆ ಹೆಸರನ್ನು ಗಾಳಿಯಲ್ಲಿ ಬಿಚ್ಚಿ ಹೇಳುತ್ತದೆ.

ಪ್ರಿಂಟರನ್ನು ಇಷ್ಟು ಬೇಗ ಕೈಬಿಡಬೇಡಿ. 2006ರ ಮಾರ್ಚ್‌ನಿಂದ ವೈಫೈ ಪ್ರಮಾಣಪತ್ರ ಪಡೆಯುವ ಉಪಕರಣಗಳಿಗೆ ಡಬ್ಲ್ಯುಪಿಎ2 ಕಡ್ಡಾಯ. ಆಮೇಲಿನದಾದರೆ ನಿಮ್ಮದಕ್ಕೂ ಅದು ಬರುತ್ತಿರಬೇಕು, ಹಳೆಯ ವೆಪ್ ವಿವರವನ್ನೇ ನೆನಪಿಟ್ಟುಕೊಂಡು ಅದು ತಡವರಿಸುತ್ತಿರಬಹುದು. ರೂಟರಿನಲ್ಲಿ ಎಇಎಸ್ ಹಾಕಿ, ಪ್ರಿಂಟರಿನ ನೆಟ್‌ವರ್ಕ್ ಸೆಟ್ಟಿಂಗನ್ನು ರೀಸೆಟ್ ಮಾಡಿ ಹೊಸದಾಗಿ ಜೋಡಿಸಿ. ಹಳೆಯ ಪ್ರಿಂಟರ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಜ್ ಮಾತ್ರ ಬಲ್ಲವು, ಆ ಹೆಸರಿಗೇ ಸೇರಿಸಿ. ಆಗಲೂ ಒಪ್ಪದಿದ್ದರೆ ಅದಕ್ಕೆ ವೈಫೈ ಬೇಡ, ಯುಎಸ್‌ಬಿ ಅಥವಾ ಲ್ಯಾನ್ ಕೇಬಲ್ ಹಾಕಿಬಿಡಿ. ವೆಪ್ ತೆಗೆದ ಮೇಲೆ ಪಾಸ್‌ವರ್ಡ್ ಕೂಡ ಹೊಸದಿರಲಿ, ಹಳೆಯದು ಯಾರ ಕೈಸೇರಿದೆಯೋ ತಿಳಿಯುವ ದಾರಿಯಿಲ್ಲ.