ಸ್ಮಾರ್ಟ್‌ಫೋನ್ ಒಂದೇ ಇದ್ದರೆ ಯಾವ ಕೆಲಸ ಕೈಗೂಡುತ್ತದೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಲ್ಯಾಪ್‌ಟಾಪ್ ಇಲ್ಲದೆ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ನಂಬಿಕೊಂಡವರಿಗೆ ವಿಡಿಯೊ ಸಂಕಲನಕ್ಕಿಂತ ಹೆಚ್ಚು ಹೊಂದುವ ಕೆಲಸವೆಂದರೆ ಧ್ವನಿಮುದ್ರಣ. ಮಾತನ್ನು ಗುರುತಿಸುವ ತಂತ್ರಾಂಶಗಳಿಗೆ ಕಲಿಸಲು ಸಹಜ ಕನ್ನಡದ ಧ್ವನಿಮಾದರಿಗಳು ಬೇಕಾಗುವುದರಿಂದ, ಪರದೆಯ ಮೇಲಿನ ವಾಕ್ಯವನ್ನು ಓದಿ ಮುದ್ರಿಸಿದವರಿಗೆ ಹಣ ಕೊಡುವ ಯೋಜನೆಗಳಿವೆ. 2021ರಲ್ಲಿ ಆರಂಭವಾದ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಚಾಮರಾಜನಗರ ಭಾಗದ ಹಳ್ಳಿಗಳಲ್ಲಿ ಇಂಥ ಕೆಲಸ ಮಾಡಿಸಿದ್ದು, 2023ರ ವರದಿಗಳಂತೆ ಗಂಟೆಗೆ ಕನಿಷ್ಠ 5 ಡಾಲರ್, ಅಂದರೆ ಸುಮಾರು 400 ರೂಪಾಯಿ ನೀಡುತ್ತಿತ್ತು; ಒಬ್ಬರ ಗಳಿಕೆ 1,500 ಡಾಲರ್ ಮುಟ್ಟಿದ ಮೇಲೆ ಅವಕಾಶವನ್ನು ಮತ್ತೊಬ್ಬರಿಗೆ ಬಿಡಬೇಕಿತ್ತು. ಆದ್ದರಿಂದ ಇದನ್ನು ಕಾಯಂ ಸಂಬಳವೆಂದು ಭಾವಿಸದೆ, ಯೋಜನೆ ಇರುವಷ್ಟು ದಿನದ ಉಪ ಆದಾಯವೆಂದೇ ಎಣಿಸಬೇಕು.

ಮೊದಲು ಡೇಟಾದ ಲೆಕ್ಕ ನೋಡಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ 16 ಕಿಲೋಹರ್ಟ್ಸ್, 16 ಬಿಟ್ ಗುಣಮಟ್ಟದಲ್ಲಿ, ಕುಗ್ಗಿಸದ ಒಂದು ಗಂಟೆಯ ಧ್ವನಿ ಸುಮಾರು 115 ಎಂಬಿ ಆಗುತ್ತದೆ. ಹೀಗಾಗಿ ಇಡೀ ಗಂಟೆಯ ಮುದ್ರಣವನ್ನು ಕಳುಹಿಸಿದರೂ ದಿನದ ಪ್ಯಾಕಿನ ಹತ್ತನೇ ಒಂದು ಭಾಗ ಕೂಡ ಮುಗಿಯುವುದಿಲ್ಲ. ಆ್ಯಪ್‌ನಲ್ಲಿ ಅವಕಾಶವಿದ್ದರೆ ವಾಕ್ಯಗಳನ್ನು ಮೊದಲೇ ಇಳಿಸಿಕೊಂಡು, ನೆಟ್ ಆರಿಸಿ ಮುದ್ರಿಸಿ, ಸಿಗ್ನಲ್ ಚೆನ್ನಾಗಿರುವಾಗ ಒಟ್ಟಿಗೆ ಕಳುಹಿಸುವುದು ಲೇಸು.

ಮುದ್ರಣಕ್ಕೆ ಕೂರುವಾಗ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಬೇಕು. ಫೋನಿನ ಕೆಳತುದಿಯಲ್ಲಿರುವ ಮೈಕಿನ ಸಣ್ಣ ರಂಧ್ರಕ್ಕೆ ಬೆರಳಾಗಲಿ ಕವರ್ ಆಗಲಿ ಅಡ್ಡವಾದರೆ ಧ್ವನಿ ಮಂಕಾಗುತ್ತದೆ. ಬಟನ್ ಒತ್ತಿದ ಕೂಡಲೇ ಓದಲು ತೊಡಗಿದರೆ ಮೊದಲ ಅಕ್ಷರ ಕತ್ತರಿಸಿಹೋಗುವುದೂ, ಕೊನೆಯ ಪದ ಮುಗಿಯುವ ಮುನ್ನವೇ ಬೆರಳೆತ್ತುವುದೂ ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳಾದ್ದರಿಂದ, ಎರಡೂ ಬದಿಯಲ್ಲಿ ಅರೆಕ್ಷಣದ ಮೌನ ಬಿಡಬೇಕು. ಮೊದಲ ಹತ್ತು ವಾಕ್ಯಗಳನ್ನು ಇಯರ್‌ಫೋನ್ ಹಾಕಿ ಕೇಳಿದರೆ, ಬರಿಗಿವಿಗೆ ತಿಳಿಯದ ಗುಂಯ್‌ಗುಡುವ ಸದ್ದು ಗೊತ್ತಾಗುತ್ತದೆ.

ಒಪ್ಪುವ ಮುನ್ನ, ದರ ದುಡಿದ ಗಂಟೆಗೋ, ಅಂಗೀಕೃತ ಮುದ್ರಣದ ಗಂಟೆಗೋ ಎಂದು ಕೇಳಲೇಬೇಕು. ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ, ವಾಕ್ಯಕ್ಕೆ 1 ರೂಪಾಯಿ ಎಂದಿಟ್ಟುಕೊಂಡರೆ, ಓದಿ, ಮುದ್ರಿಸಿ, ಕೇಳಿ ನೋಡಲು ಅರ್ಧ ನಿಮಿಷ ಹಿಡಿದಾಗ ಗಂಟೆಗೆ 120 ವಾಕ್ಯಗಳಾಗುತ್ತವೆ. ಅದರಲ್ಲಿ ಕಾಲುಭಾಗ ತಿರಸ್ಕೃತವಾದರೆ ಕೈಗೆ ಬರುವುದು 90 ರೂಪಾಯಿ. ಧ್ವನಿಯನ್ನು ಯಾವುದಕ್ಕೆ ಬಳಸುತ್ತಾರೆಂಬ ಒಪ್ಪಿಗೆ ಪತ್ರವನ್ನೂ ಪೂರ್ತಿ ಓದಬೇಕು.

ಕೆಲಸ ಕೊಡುವ ಮೊದಲೇ ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವವರು, ಆರಂಭದಲ್ಲಿ ನೂರಿನ್ನೂರು ರೂಪಾಯಿ ಹಾಕಿ ನಂಬಿಸಿ ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವ ಟೆಲಿಗ್ರಾಂ ಗುಂಪಿನವರು ವಂಚಕರೆಂದೇ ತಿಳಿಯಬೇಕು. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ, ಆ ಕ್ಷಣವೇ 1930ಕ್ಕೆ ಕರೆ ಮಾಡಿ, cybercrime.gov.in ಜಾಲತಾಣದಲ್ಲಿ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.