ಮಾಸು ಬೀಳುವ ತನಕ ಹಾಲೇಕೆ ತಡೆದಿರುತ್ತದೆ?

ಮೊಲೆಹಾಲನ್ನು ಹುಟ್ಟಿಸುವ ಮುಖ್ಯ ಹಾರ್ಮೋನು ಪ್ರೊಲ್ಯಾಕ್ಟಿನ್ ಎಂದು ನಮ್ಮ ಪಾಠಗಳು ಹೇಳುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದಿಂದ ಇದು ರಕ್ತಕ್ಕೆ ಸೇರುತ್ತದೆ. ದಿನ ತುಂಬಿದ ಗರ್ಭಿಣಿಯ ರಕ್ತದಲ್ಲಿ ಇದರ ಪ್ರಮಾಣ ಸಾಮಾನ್ಯ ಕಾಲದಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿರುತ್ತದೆ. ಹಾಗಿದ್ದರೂ ಹಾಲು ತುಂಬಿ ಬರುವುದು ಹೆರಿಗೆಯಾದ ಎರಡನೆಯ ಅಥವಾ ಮೂರನೆಯ ದಿನ. ಹಾರ್ಮೋನು ಇದ್ದೂ ಹಾಲು ಏಕೆ ಬಾರದು? ಈ ಒಂದು ಪ್ರಶ್ನೆಯನ್ನೇ ಹಿಡಿದು ನಾನು ಇಲ್ಲಿ ನಾಲ್ಕು ಮಾತು ಬರೆಯುತ್ತೇನೆ.

ಉತ್ತರ ಮಾಸಿನಲ್ಲಿದೆ. ಮಾಸು ಮಗುವಿಗೆ ಆಹಾರವನ್ನೂ ಪ್ರಾಣವಾಯುವನ್ನೂ ಒದಗಿಸುವ ಅಂಗವಷ್ಟೇ ಅಲ್ಲ. ಅದೊಂದು ತಾತ್ಕಾಲಿಕ ಗ್ರಂಥಿಯೂ ಹೌದು. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನನ್ನು ಮೊದಲ ವಾರಗಳಲ್ಲಿ ಅಂಡಾಶಯವು ಒದಗಿಸುತ್ತದೆ. ಸುಮಾರು ಎಂಟು ಹತ್ತು ವಾರಗಳ ಹೊತ್ತಿಗೆ ಆ ಕೆಲಸವನ್ನು ಮಾಸೇ ವಹಿಸಿಕೊಳ್ಳುತ್ತದೆ. ದಿನ ತುಂಬುವ ವೇಳೆಗೆ ಅದು ದಿನವೊಂದಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟೆರೋನನ್ನು ತಯಾರಿಸುತ್ತಿರುತ್ತದೆ. ಮಾಸಿನ ಮತ್ತೊಂದು ಹಾರ್ಮೋನಾದ ಲ್ಯಾಕ್ಟೋಜೆನ್, ತಾಯಿಯ ದೇಹವು ಸಕ್ಕರೆಯನ್ನು ಮಿತವಾಗಿ ಬಳಸಿ ತನ್ನ ಕೊಬ್ಬನ್ನು ಕರಗಿಸಿಕೊಳ್ಳುವಂತೆ ಮಾಡುತ್ತದೆ. ಉಳಿದ ಸಕ್ಕರೆ ಮಗುವಿನ ಪಾಲಿಗೆ ಒದಗುತ್ತದೆ. ಈ ಹೊಂದಾಣಿಕೆಗೆ ತಕ್ಕಷ್ಟು ಇನ್ಸುಲಿನ್ ತಾಯಿಯಲ್ಲಿ ಹುಟ್ಟದಿದ್ದಾಗ ಬಸಿರಿನ ಸಿಹಿಮೂತ್ರರೋಗ ಕಾಣಿಸಿಕೊಳ್ಳುತ್ತದೆ.

ಇದೇ ಹಾರ್ಮೋನುಗಳು ಸ್ತನದಲ್ಲಿ ನಾಳಗಳನ್ನೂ ಹಾಲಿನ ಗೂಡುಗಳನ್ನೂ ಬೆಳೆಸುತ್ತವೆ. ಆದರೆ ಪ್ರೊಜೆಸ್ಟೆರೋನ್ ಎರಡು ಬಗೆಯ ಕೆಲಸ ಮಾಡುತ್ತದೆ: ಮನೆಯನ್ನು ಕಟ್ಟಿಸುತ್ತದೆ, ಆದರೆ ಒಲೆ ಹೊತ್ತಿಸಲು ಬಿಡುವುದಿಲ್ಲ. ಅದು ಇರುವ ತನಕ ಪ್ರೊಲ್ಯಾಕ್ಟಿನ್ನಿನ ಆಜ್ಞೆ ಹಾಲಿನ ಕೋಶಗಳಲ್ಲಿ ಪೂರ್ಣವಾಗಿ ನಡೆಯದು. ಅಲ್ಪವಾಗಿ, ದಪ್ಪನಾದ ಮೊದಲ ಹಾಲು ಮಾತ್ರ ಆಗ ಹುಟ್ಟುತ್ತದೆ. ಮಾಸು ಬಿದ್ದೊಡನೆ ರಕ್ತದಲ್ಲಿ ಪ್ರೊಜೆಸ್ಟೆರೋನ್ ಶೀಘ್ರವಾಗಿ ಇಳಿಯುತ್ತದೆ; ತಡೆ ತೊಲಗುತ್ತದೆ; ಎರಡು ಮೂರು ದಿನಗಳಲ್ಲಿ ಹಾಲು ತುಂಬುತ್ತದೆ. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರಿಗೂ ಹಾಲು ಬರುವುದು ಇದರಿಂದಲೇ. ಹೆರಿಗೆಯ ದಾರಿ ಯಾವುದಾದರೇನು, ಮಾಸು ಹೊರಬಂದಿರಬೇಕು, ಅಷ್ಟೆ.

ಮಾಸು ಪೂರ್ತಿಯಾಗಿ ಹೊರಬಾರದಿದ್ದರೆ? 1981ರಲ್ಲಿ ಅಮೆರಿಕದ ನೈಫರ್ಟ್ ಮತ್ತು ಸಂಗಡಿಗರು ಇಂತಹ ಮೂವರು ತಾಯಂದಿರ ವೃತ್ತಾಂತವನ್ನು ಪ್ರಕಟಿಸಿದರು. ಅವರ ಗರ್ಭಕೋಶದಲ್ಲಿ ಮಾಸಿನ ತುಣುಕು ಉಳಿದಿತ್ತು. ಹೆರಿಗೆಯಾಗಿದ್ದರೂ ಹಾಲು ತುಂಬಲಿಲ್ಲ. ತುಣುಕು ಹೊರಬಂದ ಮೇಲೆ ಹಾಲು ಬಂತು. ಆದುದರಿಂದ ಮೂರು ನಾಲ್ಕು ದಿನಗಳಾದರೂ ಸ್ತನ ಮೆತ್ತಗೇ ಇದ್ದು, ಜೊತೆಗೆ ರಕ್ತಸ್ರಾವ ತಗ್ಗದೆ ಇದ್ದರೆ, ಅಥವಾ ಜ್ವರವೋ ದುರ್ವಾಸನೆಯೋ ಕಂಡರೆ, ಕೂಡಲೇ ವೈದ್ಯರನ್ನು ಕಾಣಬೇಕು. ಹಾಲು ತಡವಾದುದೊಂದನ್ನೇ ನೋಡಿ ತುಣುಕು ಉಳಿದಿದೆಯೆಂದು ತೀರ್ಮಾನಿಸಲಾಗದು. ಚೊಚ್ಚಲ ಹೆರಿಗೆ, ದೀರ್ಘವಾದ ಪ್ರಸವ, ಸಿಹಿಮೂತ್ರರೋಗ ಇವುಗಳಿಂದಲೂ ಹಾಲು ತಡವಾಗುವುದುಂಟು.

ಹಾಲು ಹುಟ್ಟುವುದು ಒಂದು, ಅದು ಹೊರಬರುವುದು ಇನ್ನೊಂದು. ಮಗು ಚೀಪಿದಾಗ ನರಗಳ ಮೂಲಕ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಪಿಟ್ಯುಟರಿಯ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕಿಳಿಯುತ್ತದೆ. ಅದು ಹಾಲಿನ ಗೂಡುಗಳನ್ನು ಸುತ್ತಿರುವ ಕೋಶಗಳನ್ನು ಸಂಕುಚಿಸಿ ಹಾಲನ್ನು ನಾಳಗಳಿಗೆ ಹಿಂಡುತ್ತದೆ. ಕರುವನ್ನು ಬಿಟ್ಟಾಗ ಹಸು ತೊರೆಬಿಡುವುದನ್ನು ನೋಡಿದವರಿಗೆ ಇದು ಹೊಸತಲ್ಲ. 1941ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬವರು ಹಸುವಿನ ಕೆಚ್ಚಲಿನ ಅರ್ಧಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿದರೂ ಎರಡು ಭಾಗಗಳಿಂದಲೂ ಹಾಲು ಇಳಿಯಿತು. ಹಾಲಿಳಿಸುವ ಆಜ್ಞೆ ಕೆಚ್ಚಲನ್ನು ರಕ್ತದ ಮೂಲಕ ತಲುಪುತ್ತದೆಂದು ಇದರಿಂದ ತಿಳಿಯಿತು. ಅವರು ಕಾಗದದ ಚೀಲಗಳನ್ನು ಒಡೆದು ಸದ್ದುಮಾಡಿ ಹಸುವನ್ನು ಬೆದರಿಸಿದಾಗಲಾದರೋ ಹಾಲು ಇಳಿಯದೆ ನಿಂತಿತು.

ಭಯ, ನೋವುಗಳು ಬಾಣಂತಿಯಲ್ಲಿಯೂ ಹೀಗೆಯೇ ಹಾಲಿಳಿಯುವುದನ್ನು ತಡೆಯಬಲ್ಲವು. ಹಾಲು ಒಳಗೆ ಇದ್ದೂ ಹೊರಬಾರದು. ನೋಡಿದವರು "ಇವಳಿಗೆ ಹಾಲೇ ಇಲ್ಲ" ಎನ್ನುತ್ತಾರೆ. ಕೂಸಿಗೆ ಸಕ್ಕರೆನೀರು ಕುಡಿಸುತ್ತಾರೆ. ಕೂಸು ಚೀಪುವುದು ಕಡಿಮೆಯಾಗುತ್ತದೆ, ಹಾಲು ಸ್ತನದಲ್ಲೇ ಉಳಿಯುತ್ತದೆ. ಹೀಗೆ ಉಳಿದಷ್ಟೂ ಹೊಸ ಹಾಲಿನ ಉತ್ಪತ್ತಿ ಕುಗ್ಗುತ್ತದೆ. ಇಲ್ಲದ ಕೊರತೆ ಕೊನೆಗೆ ನಿಜವಾದ ಕೊರತೆಯೇ ಆಗುತ್ತದೆ. ಮಾಸು ಬಿದ್ದ ಮೇಲೆ ಹಾಲು ತುಂಬಲು ಎರಡು ಮೂರು ದಿನ ಬೇಕೆಂಬುದು ಮನೆಯವರಿಗೆ ತಿಳಿದಿದ್ದರೆ, ಆ ದಿನಗಳಲ್ಲಿ ಮೊದಲ ಹಾಲನ್ನು ಚೆಲ್ಲದೆ ಕೂಸನ್ನು ಮತ್ತೆ ಮತ್ತೆ ಮೊಲೆಗೆ ಹಾಕುತ್ತಾರೆ.