‘ಅಪ್ಪಕ್ಕೆ’ ಬಂದದ್ದು ಎಲ್ಲಿಂದ? ಅನುಗಮನ ಪದ್ಧತಿಯ ಒಂದು ವ್ಯಾಕರಣ ಪಾಠ

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವಾಗ ಒಂದು ಪ್ರಶ್ನೆಗೆ ನಾನು ಎಂದೂ ತಪ್ಪು ಉತ್ತರ ಗುರುತಿಸಿದವನಲ್ಲ. ಉದಾಹರಣೆಗಳಿಂದ ನಿಯಮದ ಕಡೆಗೆ ಸಾಗುವ ಪದ್ಧತಿ ಯಾವುದು? ಅನುಗಮನ. ಆದರೆ ಯಾವ ಉದಾಹರಣೆಗಳಿಂದ ಎಂಬುದನ್ನು ನಾನು ಯೋಚಿಸಿರಲಿಲ್ಲ.

ನನ್ನದು ವಿಜ್ಞಾನ ವಿಷಯ. ಯಲಹಂಕದ ಕಡೆಯ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯಲ್ಲಿದ್ದಾಗ, ರಜೆಯಲ್ಲಿದ್ದ ಕನ್ನಡ ಶಿಕ್ಷಕಿಯ ಬದಲು ಐದನೇ ತರಗತಿಗೆ ಚತುರ್ಥಿ ವಿಭಕ್ತಿ ಕಲಿಸಬೇಕಾಯಿತು. ‘ಬಸ್ಸು ಎಲ್ಲೆಲ್ಲಿಗೆ ಹೋಗುತ್ತದೆ?’ ಎಂದು ಕೇಳಿದೆ. ಮಕ್ಕಳು ಹೇಳಿದ್ದನ್ನು ಮೂರು ಗುಂಪಾಗಿ ಕಪ್ಪುಹಲಗೆಯ ಮೇಲೆ ಬರೆದೆ: ಹೆಬ್ಬಾಳಕ್ಕೆ, ಯಶವಂತಪುರಕ್ಕೆ, ಜಾಲಹಳ್ಳಿಗೆ, ದಾವಣಗೆರೆಗೆ, ಬಾಗಲೂರಿಗೆ, ತುಮಕೂರಿಗೆ. ಕೊನೆಯ ಸ್ವರ ನೋಡಿ ಎಂದೆ. ‘ಅ’ ಇದ್ದರೆ ‘ಕ್ಕೆ’, ‘ಇ’ ಅಥವಾ ‘ಎ’ ಇದ್ದರೆ ‘ಗೆ’, ‘ಉ’ ಇದ್ದರೆ ‘ಇಗೆ’ ಎಂದು ಮಕ್ಕಳೇ ನಿಯಮ ಹೇಳಿದರು. ಪಾಠ ಗೆದ್ದಿತು ಅಂದುಕೊಂಡೆ.

ಸ್ವಂತ ವಾಕ್ಯ ಬರೆಯಲು ಹೇಳಿದಾಗ, ಮನೆಯಲ್ಲಿ ತೆಲುಗು ಮಾತನಾಡುವ ಹುಡುಗಿಯೊಬ್ಬಳು ‘ಅಪ್ಪಕ್ಕೆ ಊಟ ಕೊಟ್ಟೆ’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆಯಲು ಹೋದವನು ನಿಲ್ಲಿಸಿದೆ. ‘ಅಪ್ಪ’ ಎಂಬುದರ ಕೊನೆಗೆ ‘ಅ’ ಇದೆ. ಅವಳು ನಿಯಮವನ್ನು ಸರಿಯಾಗಿಯೇ ಅನ್ವಯಿಸಿದ್ದಳು. ಮನೆಮಾತು ಕನ್ನಡವಾದ ಮಕ್ಕಳು ‘ಅಪ್ಪನಿಗೆ’ ಎಂದು ಬರೆದದ್ದು ನಿಯಮದಿಂದಲ್ಲ, ಕಿವಿಯ ರೂಢಿಯಿಂದ. ನನ್ನ ಉದಾಹರಣೆಗಳೆಲ್ಲ ಊರುಗಳಾಗಿದ್ದವು, ಒಬ್ಬ ಮನುಷ್ಯನೂ ಇರಲಿಲ್ಲ. ಅಂದರೆ ತಪ್ಪು ಇದ್ದದ್ದು ನನ್ನ ಪಾಠಯೋಜನೆಯಲ್ಲಿ.

ಮರುದಿನ ಜೋಡಿಗಳನ್ನು ಬರೆದೆ: ಮರಕ್ಕೆ–ಅಣ್ಣನಿಗೆ, ಪುಸ್ತಕಕ್ಕೆ–ಅಮ್ಮನಿಗೆ. ಎಲ್ಲವೂ ‘ಅ’ದಿಂದಲೇ ಮುಗಿಯುವ ಪದಗಳು, ಹಾಗಾದರೆ ವ್ಯತ್ಯಾಸ ಎಲ್ಲಿದೆ? ‘ಜೀವ ಇದ್ದರೆ ನಿಗೆ’ ಎಂದ ಒಬ್ಬ. ನಾನು ‘ಮೊಲ’ ಎಂದು ಬರೆದೆ. ‘ಮೊಲಕ್ಕೆ’ ಎಂದು ತರಗತಿಯೇ ಕೂಗಿತು, ಅವನ ನಿಯಮ ಬಿತ್ತು. ಸ್ವಲ್ಪ ಚರ್ಚೆಯ ನಂತರ ಆ ಹುಡುಗಿಯೇ ಹೇಳಿದಳು: ‘ಅದು ಅಂದರೆ ಕ್ಕೆ, ಅವನು ಅವಳು ಅಂದರೆ ನಿಗೆ, ಸರ್.’

ಕಲಿತದ್ದು ನಿಯಮವೋ ರೂಢಿಯೋ ಎಂದು ತಿಳಿಯಲು ಮಕ್ಕಳು ಕೇಳಿರದ ಪದ ಬೇಕು. ‘ತಿಮಕ’ ಎಂಬ ಪದ ಕಟ್ಟಿದೆ. ತಿಮಕ ಒಂದು ಊರು, ಬಸ್ಸು ಎಲ್ಲಿಗೆ ಹೋಯಿತು? ತಿಮಕ ಒಬ್ಬ ಹುಡುಗ, ಪೆನ್ನು ಯಾರಿಗೆ ಕೊಟ್ಟೆ? ‘ತಿಮಕಕ್ಕೆ’, ‘ತಿಮಕನಿಗೆ’ ಎಂದು ಎರಡನ್ನೂ ಸರಿಯಾಗಿ ಬರೆದವರಿಗೆ ನಿಯಮ ದಕ್ಕಿದೆ ಎನ್ನಬಹುದು. ಅವಳು ಎರಡನ್ನೂ ಬರೆದಿದ್ದಳು. ಕನ್ನಡ ಮನೆಮಾತಿನ ಇಬ್ಬರು ತಡವರಿಸಿದ್ದರು.

ಈಗ ವ್ಯಾಕರಣದ ಪಾಠಯೋಜನೆ ಬರೆಯುವಾಗ ‘ಉದಾಹರಣೆಗಳು’ ಎಂಬ ಕಲಮಿನ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ಇವುಗಳಿಂದ ಮಗು ಯಾವ ತಪ್ಪು ನಿಯಮ ಕಟ್ಟಿಕೊಳ್ಳಬಹುದು, ಅದನ್ನು ಬೀಳಿಸುವ ಪದ ಯಾವುದು?